ಯಂತ್ರ ರಚಿಸಿದ ಭಾವಚಿತ್ರವನ್ನು ಕಚೇರಿಗಳು ಏಕೆ ಒಪ್ಪುವುದಿಲ್ಲ?

ಸರಕಾರಿ ಅರ್ಜಿಗೆ ಲಗತ್ತಿಸುವ ಭಾವಚಿತ್ರವು ಅಂದವಾಗಿರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಅದು ಅರ್ಜಿದಾರನ ಮುಖದ ದಾಖಲೆಯಾಗಿರಬೇಕೆಂದು ಮಾತ್ರ ಹೇಳುತ್ತದೆ. ಈ ಎರಡರ ನಡುವಿನ ಅಂತರವು ಮೇಲ್ನೋಟಕ್ಕೆ ಸಣ್ಣದಾಗಿ ತೋರುವುದು; ಆದರೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೈಗೆ ಬಂದ ಮೇಲೆ ಅರ್ಜಿಗಳು ಹಿಂದಿರುಗುವುದು ಈ ಅಂತರದಲ್ಲಿಯೇ. ಮೊಬೈಲಿನಲ್ಲಿರುವ ನಾಲ್ಕಾರು ಸಾಮಾನ್ಯ ಚಿತ್ರಗಳನ್ನು ಯಂತ್ರಕ್ಕೆ ಒಪ್ಪಿಸಿದರೆ, ಬಿಳಿಯ ಹಿನ್ನೆಲೆ, ನೇರ ನೋಟ, ಇಸ್ತ್ರಿ ಮಾಡಿದ ಅಂಗಿ, ಎಲ್ಲವೂ ಕೂಡಿದ ಪಾಸ್‌ಪೋರ್ಟ್ ಮಾದರಿಯ ಚಿತ್ರ ಒಂದು ನಿಮಿಷದಲ್ಲಿ ಸಿದ್ಧವಾಗುತ್ತದೆ. ನೋಡಿದ ಗೆಳೆಯರೆಲ್ಲ “ಥೇಟ್ ನೀನೇ” ಎನ್ನುತ್ತಾರೆ. ಕಚೇರಿ ಮಾತ್ರ ಒಪ್ಪುವುದಿಲ್ಲ. ಇದರ ಕಾರಣವು ಗುಮಾಸ್ತರ ಹಟದಲ್ಲಿಲ್ಲ, ಬೆಳಕಿನ ನಿಯಮಗಳಲ್ಲಿದೆ ಎಂಬುದನ್ನು ಒಂದು ಉದಾಹರಣೆಯಿಂದ ವಿಚಾರಿಸೋಣ.

ಮೂಡಲಗಿಯಿಂದ ದುಬೈಗೆ ಹೋಗಿ ಕೆಲಸಕ್ಕಿರುವ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಅವನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿದೆ. ಹೊಸದಕ್ಕೆ ಅರ್ಜಿ ಹಾಕಬೇಕು. ಸ್ಟುಡಿಯೋಕ್ಕೆ ಹೋಗಲು ಬಿಡುವಿಲ್ಲ. ಕಳೆದ ರಜೆಯಲ್ಲಿ ಊರಿಗೆ ಬಂದಾಗ ತೆಗೆಸಿಕೊಂಡ ಮೂರು ಚಿತ್ರಗಳು ಅವನಲ್ಲಿವೆ. ಒಂದು, ಘಟಪ್ರಭೆಯು ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಗೋಕಾಕ ಜಲಪಾತದ ಎದುರು ಐವರು ಗೆಳೆಯರೊಡನೆ ನಿಂತದ್ದು. ಎರಡನೆಯದು, ಹುಕ್ಕೇರಿಯಲ್ಲಿ ಬಂಧುಗಳ ಮದುವೆಯ ಚಪ್ಪರದಡಿ ತಾನೇ ಕೈ ಮುಂದೆ ಚಾಚಿ ತೆಗೆದುಕೊಂಡ ಸೆಲ್ಫಿ. ಮೂರನೆಯದು, ಅದೇ ಘಟಪ್ರಭೆಯ ಹಿಡಕಲ್ ಅಣೆಕಟ್ಟಿನ ಬಳಿ, ಇಳಿಬಿಸಿಲಿನಲ್ಲಿ ನೀರಿನ ಕಡೆಗೆ ಮುಖ ತಿರುಗಿಸಿದಾಗ ಯಾರೋ ತೆಗೆದದ್ದು. ಈ ಮೂರನ್ನೂ ಅವನು ಯಂತ್ರಕ್ಕೆ ಕೊಡುತ್ತಾನೆ.

ಅವನ ಅರ್ಜಿಗೆ ಬೇಕಾದ ಚಿತ್ರದ ಅಳತೆ ಗೊತ್ತಿರುವಂಥದೇ. ವಿದೇಶಗಳಲ್ಲಿರುವ ಭಾರತೀಯ ರಾಯಭಾರ ಕಚೇರಿಗಳು 2025ರ ಸೆಪ್ಟೆಂಬರಿನಿಂದ ಜಾರಿಗೆ ತಂದ ಸೂಚನೆಯಂತೆ ಚಿತ್ರವು ಅಡ್ಡಕ್ಕೆ 630, ಉದ್ದಕ್ಕೆ 810 ಚಿತ್ರಬಿಂದುಗಳಿರಬೇಕು. ಈ ಬಿಂದುಗಳಿಗೆ ಪಿಕ್ಸೆಲ್ ಎಂದು ವಾಡಿಕೆ. ಮುಖವು ಚಿತ್ರದ ಶೇಕಡ 80ರಿಂದ 85 ಭಾಗವನ್ನು ತುಂಬಿರಬೇಕು. ಚರ್ಮದ ಬಣ್ಣ ಸಹಜವಾಗಿರಬೇಕು. ಕಂಪ್ಯೂಟರ್ ತಂತ್ರಾಂಶದಿಂದ ಚಿತ್ರವನ್ನು ಬದಲಿಸಿರಕೂಡದು. ಈ ಕೊನೆಯ ಮಾತಿನಲ್ಲಿಯೇ ನಮ್ಮ ತರುಣನ ಚಿತ್ರವು ಸೋಲುತ್ತದೆ. ಆದರೆ ನಿಯಮವಿದೆ ಎಂದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಅಂಥ ನಿಯಮ ಬೇಕಾದುದು ಏಕೆ?

ಕತ್ತಲೆ ಕೋಣೆಯ ಕಿಟಕಿಯಲ್ಲಿ ಒಂದು ಸಣ್ಣ ರಂಧ್ರವಿದ್ದರೆ ಹೊರಗಿನ ಬೀದಿಯ ತಲೆಕೆಳಗಾದ ಬಿಂಬ ಎದುರು ಗೋಡೆಯ ಮೇಲೆ ಬೀಳುವುದನ್ನು ಹಳೆಯ ಮನೆಗಳಲ್ಲಿ ನೋಡಿದವರುಂಟು. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ ಬೀದಿಯ ಒಂದೊಂದು ಬಿಂದುವಿಗೂ ಗೋಡೆಯ ಮೇಲೆ ಒಂದೊಂದು ಸ್ಥಾನ ಗೊತ್ತಾಗುತ್ತದೆ. ಕ್ಯಾಮೆರಾ ಇದೇ ಕೋಣೆ. ರಂಧ್ರದ ಜಾಗದಲ್ಲಿ ಮಸೂರ, ಗೋಡೆಯ ಜಾಗದಲ್ಲಿ ಬೆಳಕನ್ನು ಅಳೆಯುವ ಸೂಕ್ಷ್ಮ ಕೋಶಗಳ ಫಲಕ. ಆದುದರಿಂದ ಛಾಯಾಚಿತ್ರವೆಂದರೆ ಒಂದು ಅಳತೆ. ತರುಣನ ಎಡಗೆನ್ನೆಯ ಮೇಲೊಂದು ಮಚ್ಚೆಯಿದ್ದರೆ, ಆ ಮಚ್ಚೆ ಕಡಿಮೆ ಬೆಳಕನ್ನು ಪ್ರತಿಫಲಿಸಿದ್ದರಿಂದಲೇ ಚಿತ್ರದ ಆ ಸ್ಥಾನದಲ್ಲಿ ಕಪ್ಪು ಬಿಂದು ಮೂಡುತ್ತದೆ. ಬೇರೆ ಯಾವ ಕಾರಣವೂ ಅಲ್ಲಿಲ್ಲ. ಕಚೇರಿಗೆ ಬೇಕಾದುದು ಈ ಕಾರ್ಯಕಾರಣದ ಎಳೆ.

ಕಚೇರಿಗಳು ಇದನ್ನು ಕಲಿತದ್ದು ಒಂದು ಯುದ್ಧದ ಸಂದರ್ಭದಲ್ಲಿ. 1914ರಲ್ಲಿ ಕಾರ್ಲ್ ಹ್ಯಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರನು ಒಬ್ಬ ಅಮೆರಿಕನ್ ಪ್ರಜೆಯ ನಿಜವಾದ ಪಾಸ್‌ಪೋರ್ಟನ್ನೇ ಹಿಡಿದು ಬ್ರಿಟನ್ನಿಗೆ ಬಂದನು. ಆಗಿನ ಪಾಸ್‌ಪೋರ್ಟಿನಲ್ಲಿ ಭಾವಚಿತ್ರವಿರಲಿಲ್ಲ. ಅವನು ಸಿಕ್ಕಿಬಿದ್ದು ಅದೇ ವರ್ಷದ ನವೆಂಬರಿನಲ್ಲಿ ಮರಣದಂಡನೆಗೆ ಗುರಿಯಾದನು. 1915ರಿಂದ ಬ್ರಿಟನ್ನಿನ ಪಾಸ್‌ಪೋರ್ಟಿನಲ್ಲಿ ಭಾವಚಿತ್ರ ಕಡ್ಡಾಯವಾಯಿತು. ಕಾಗದ ನಿಜವಾಗಿದ್ದರೆ ಸಾಲದು, ಕಾಗದಕ್ಕೂ ಅದನ್ನು ಹಿಡಿದ ಮನುಷ್ಯನಿಗೂ ಗಂಟು ಹಾಕುವ ಒಂದು ವಸ್ತು ಬೇಕು ಎಂಬುದೇ ಅದರ ಉದ್ದೇಶ.

ಈಗ ಜಲಪಾತದ ಚಿತ್ರಕ್ಕೆ ಬರೋಣ. ಮೊಬೈಲ್ ಕ್ಯಾಮೆರಾದ ಚಿತ್ರವು ಅಡ್ಡಕ್ಕೆ 4000 ಬಿಂದುಗಳಿದೆ ಎಂದು ಇಟ್ಟುಕೊಳ್ಳಿ. ಆರು ಜನರೂ ಅವರ ಹಿಂದಿನ ನೀರೂ ಕಾಣಬೇಕಾದುದರಿಂದ, ಅವರು ನಿಂತ ಜಾಗದಲ್ಲಿ ಚಿತ್ರವು ಸುಮಾರು 6 ಮೀಟರ್ ಅಗಲವನ್ನು ಒಳಗೊಂಡಿದೆ. 6000 ಮಿಲಿಮೀಟರನ್ನು 4000 ಬಿಂದುಗಳಿಗೆ ಹಂಚಿದರೆ ಒಂದು ಬಿಂದುವಿಗೆ ಒಂದೂವರೆ ಮಿಲಿಮೀಟರ್. ವಯಸ್ಕರ ಎರಡು ಕಣ್ಣುಪಾಪೆಗಳ ನಡುವಿನ ದೂರ ಸುಮಾರು 63 ಮಿಲಿಮೀಟರ್. ಆದುದರಿಂದ ಈ ಚಿತ್ರದಲ್ಲಿ ಕಣ್ಣಿಂದ ಕಣ್ಣಿಗೆ 42 ಬಿಂದುಗಳು ಮಾತ್ರ. ಪಾಸ್‌ಪೋರ್ಟ್ ಭಾವಚಿತ್ರಗಳ ಅಂತರರಾಷ್ಟ್ರೀಯ ಮಾನದಂಡವು ಇಲ್ಲಿ ಕನಿಷ್ಠ 90 ಬಿಂದುಗಳನ್ನು ಕೇಳುತ್ತದೆ. ಎರಡು ಮಿಲಿಮೀಟರ್ ಅಗಲದ ಮಚ್ಚೆಗೆ ಈ ಚಿತ್ರದಲ್ಲಿ ಒಂದು ಬಿಂದುವಿಗಿಂತ ತುಸು ಹೆಚ್ಚು ಜಾಗ ಸಿಕ್ಕೀತು. ಅದು ಮಚ್ಚೆಯೋ, ಧೂಳೋ, ಜಲಪಾತದ ತುಂತುರೋ ಎಂದು ಹೇಳುವಂತಿಲ್ಲ.

ಅರ್ಜಿಯ ಚಿತ್ರದಲ್ಲಿ ಏನು ಬೇಕು? 810 ಬಿಂದುಗಳ ಎತ್ತರದಲ್ಲಿ ಶೇಕಡ 80 ಎಂದರೆ ಮುಖಕ್ಕೆ ಸುಮಾರು 648 ಬಿಂದುಗಳು. ನೆತ್ತಿಯಿಂದ ಗದ್ದದವರೆಗೆ 23 ಸೆಂಟಿಮೀಟರ್ ಎಂದು ಹಿಡಿದರೆ, ಒಂದು ಬಿಂದುವಿಗೆ ಸುಮಾರು 0.35 ಮಿಲಿಮೀಟರ್. ಹಾಗಾದರೆ ಕಣ್ಣುಗಳ ನಡುವೆ ಸುಮಾರು 177 ಬಿಂದುಗಳಾದವು. 42ನ್ನು 177 ಮಾಡಬೇಕಾದರೆ ಅಡ್ಡಕ್ಕೂ ಉದ್ದಕ್ಕೂ ನಾಲ್ಕು ಪಟ್ಟಿಗಿಂತ ಹೆಚ್ಚಾಗಿ ಹಿಗ್ಗಿಸಬೇಕು. ವಿಸ್ತಾರದ ಲೆಕ್ಕದಲ್ಲಿ ಅದು ಸುಮಾರು 18 ಪಟ್ಟು. ಎಂದರೆ ಸಿದ್ಧವಾದ ಮುಖದ ಪ್ರತಿ 18 ಬಿಂದುಗಳಲ್ಲಿ ಒಂದು ಮಾತ್ರ ಬೆಳಕಿನಿಂದ ಬಂದದ್ದು, ಉಳಿದ 17 ಎಲ್ಲಿಂದಲೋ ತುಂಬಿದವು. ಚಿತ್ರವು ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಬಂದು 1600 ಬಿಂದುಗಳ ಅಗಲಕ್ಕೆ ಕುಗ್ಗಿದ್ದರಂತೂ ಕಣ್ಣುಗಳ ನಡುವೆ ಉಳಿಯುವುದು 17 ಬಿಂದು. ಆಗ ನಿಜವಾದ ಒಂದು ಬಿಂದುವಿಗೆ ತುಂಬಿದವು ನೂರಕ್ಕೂ ಮಿಕ್ಕುತ್ತವೆ.

ಚಿತ್ರವನ್ನು ಹಿಗ್ಗಿಸುವುದು ಹೊಸ ಸಂಗತಿಯಲ್ಲ, ಸ್ಟುಡಿಯೋದವರೂ ದೊಡ್ಡದು ಮಾಡಿ ಕೊಡುತ್ತಿದ್ದರಲ್ಲ ಎಂದು ಕೇಳಬಹುದು. ವ್ಯತ್ಯಾಸವಿದೆ. ಹಳೆಯ ರೀತಿಯಲ್ಲಿ ಹಿಗ್ಗಿಸಿದಾಗ ನಡುವಿನ ಬಿಂದುಗಳು ಅಕ್ಕಪಕ್ಕದ ಬಿಂದುಗಳ ಸರಾಸರಿಯಾಗುತ್ತವೆ, ಚಿತ್ರ ಮಬ್ಬಾಗುತ್ತದೆ. ಮಬ್ಬು ಪ್ರಾಮಾಣಿಕವಾದದ್ದು, ಇಲ್ಲಿ ನನಗೆ ಗೊತ್ತಿಲ್ಲ ಎಂದು ಅದು ಹೇಳಿಬಿಡುತ್ತದೆ. ಭಾವಚಿತ್ರ ರಚಿಸುವ ಯಂತ್ರ ಹಾಗೆ ಹೇಳುವುದಿಲ್ಲ. ಅದು ರೆಪ್ಪೆಯ ಕೂದಲನ್ನೂ ಚರ್ಮದ ಸೂಕ್ಷ್ಮ ರಂಧ್ರಗಳನ್ನೂ ಸ್ಫುಟವಾಗಿ ಬರೆದು ಕೊಡುತ್ತದೆ.

ಅವು ಎಲ್ಲಿಂದ ಬಂದವು? ಇಂಥ ಯಂತ್ರವನ್ನು ಮೊದಲು ಅಪಾರ ಸಂಖ್ಯೆಯ ಚಿತ್ರಗಳಿಂದ ಪಳಗಿಸಿರುತ್ತಾರೆ. ಇಂಥ ಹುಬ್ಬಿನ ಕೆಳಗೆ ಸಾಮಾನ್ಯವಾಗಿ ಎಂಥ ಕಣ್ಣು, ಇಂಥ ಗದ್ದಕ್ಕೆ ಎಂಥ ಕುತ್ತಿಗೆ ಎಂಬ ರೂಢಿಯನ್ನು ಅದು ಕಲಿತಿರುತ್ತದೆ. ಈಗ ಬಳಕೆಯಲ್ಲಿರುವ ಒಂದು ಬಗೆಯ ಯಂತ್ರವು ಮೊದಲು ಅರ್ಥವಿಲ್ಲದ ಚುಕ್ಕೆಗಳ ರಾಶಿಯನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಹಂತಹಂತವಾಗಿ ಗೊಂದಲವನ್ನು ಕಳೆಯುತ್ತ, ನಾವು ಕೊಟ್ಟ ಚಿತ್ರಗಳಿಂದ ಎತ್ತಿಕೊಂಡ ಕೆಲವು ಲಕ್ಷಣಗಳ ಕಡೆಗೆ ಅದನ್ನು ವಾಲಿಸುತ್ತ ಮುಖವನ್ನು ಮೂಡಿಸುತ್ತದೆ. ನಮ್ಮ ಚಿತ್ರದಲ್ಲಿ ಅಳತೆ ಇದ್ದೆಡೆ ಅಳತೆ, ಇಲ್ಲದೆಡೆ ರೂಢಿ. ರೂಢಿಯಾದರೋ ಸಾವಿರಾರು ಜನರಲ್ಲಿ ಸಾಮಾನ್ಯವಾದದ್ದು. ಒಬ್ಬನನ್ನು ಗುರುತಿಸಲು ಬೇಕಾದುದು ಅವನೊಬ್ಬನಲ್ಲಿರುವ ಅಸಾಮಾನ್ಯ. ಹುಬ್ಬಿನ ಗಾಯದ ಗುರುತು, ತುಸು ಓರೆಯಾದ ಮೂಗು, ಒಂದಕ್ಕಿಂತ ಒಂದು ಎತ್ತರವಾದ ಕಿವಿ, ಇವೇ ಮೊದಲು ಅಳಿಸಿಹೋಗುತ್ತವೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದು 2020ರಲ್ಲಿ ದೊರೆಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಅಡ್ಡಕ್ಕೂ ಉದ್ದಕ್ಕೂ 16 ಬಿಂದುಗಳಷ್ಟೇ ಇರುವ ಮುಖಚಿತ್ರದಿಂದ 1024 ಬಿಂದುಗಳ ಸ್ಫುಟ ಮುಖವನ್ನು ರಚಿಸುವ ವಿಧಾನವನ್ನು ಪ್ರಕಟಿಸಿದರು. ಯಾರೋ ಅದಕ್ಕೆ ಹಿಂದಿನ ಅಧ್ಯಕ್ಷ ಬರಾಕ್ ಒಬಾಮರ ಮಸುಕು ಚಿತ್ರವನ್ನು ಕೊಟ್ಟರು. ಹೊರಬಂದದ್ದು ಬಿಳಿಯ ವರ್ಣದ ಬೇರೊಬ್ಬ ಮನುಷ್ಯನ ಮುಖ! ಯಂತ್ರ ಕೆಟ್ಟಿರಲಿಲ್ಲ. ಹೊರಬಂದ ಮುಖವನ್ನು ಮತ್ತೆ ಮಸುಕು ಮಾಡಿದರೆ ಕೊಟ್ಟ ಚಿತ್ರಕ್ಕೆ ಅದು ಹೊಂದುತ್ತಿತ್ತು. ಒಂದು ಮಸುಕು ಚಿತ್ರಕ್ಕೆ ಹೊಂದುವ ಸ್ಫುಟ ಮುಖಗಳು ಅಸಂಖ್ಯಾತ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ನಿರ್ಧರಿಸಿದ್ದು ಯಂತ್ರದ ರೂಢಿ. ಕಳೆದುಹೋದ ಮಾಹಿತಿಯನ್ನು ಊಹೆಯಿಂದ ತುಂಬಬಹುದಲ್ಲದೆ ಮರಳಿ ಪಡೆಯಲಾಗುವುದಿಲ್ಲ.

ಹುಕ್ಕೇರಿಯ ಮದುವೆಯ ಸೆಲ್ಫಿಯಲ್ಲಿ ಬಿಂದುಗಳ ಕೊರತೆಯಿಲ್ಲ. ಮುಖ ಚಿತ್ರವನ್ನೆಲ್ಲ ತುಂಬಿದೆ. ಅಲ್ಲಿಯ ತೊಂದರೆ ಬೇರೆ. ಬಿಂಬದ ಗಾತ್ರವು ವಸ್ತುವಿನ ದೂರಕ್ಕೆ ವಿಲೋಮವಾಗಿರುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ. ಮೂಗಿನ ತುದಿ ಕ್ಯಾಮೆರಾದಿಂದ 30 ಸೆಂಟಿಮೀಟರ್ ದೂರದಲ್ಲಿದೆ, ಕಿವಿಗಳು ಅದಕ್ಕಿಂತ 12 ಸೆಂಟಿಮೀಟರ್ ಹಿಂದಿವೆ ಎನ್ನೋಣ. ಆಗ ಕಿವಿಗಳಿಗಿಂತ ಮೂಗು 42 ÷ 30, ಎಂದರೆ 1.40 ಪಟ್ಟು ಹಿಗ್ಗಿ ಕಾಣುತ್ತದೆ. ಸ್ಟುಡಿಯೋದಲ್ಲಿ ಒಂದೂವರೆ ಮೀಟರಿನಿಂದ ತೆಗೆದರೆ ಇದೇ ಪ್ರಮಾಣ 162 ÷ 150, ಎಂದರೆ 1.08. ಒಂದನ್ನೊಂದರಿಂದ ಭಾಗಿಸಿದರೆ, ಸೆಲ್ಫಿಯಲ್ಲಿ ಮೂಗು ಕಿವಿಗಳ ಹೋಲಿಕೆಯಲ್ಲಿ ಸುಮಾರು ಶೇಕಡ 30ರಷ್ಟು ದೊಡ್ಡದಾಗಿದೆ. 2018ರಲ್ಲಿ ಅಮೆರಿಕದ ವೈದ್ಯರು, ಒಂದು ಅಡಿಯಿಂದ ತೆಗೆದ ಚಿತ್ರದಲ್ಲಿ ಮೂಗು ಐದು ಅಡಿಯ ಚಿತ್ರಕ್ಕಿಂತ ಎಷ್ಟು ಅಗಲವಾಗಿ ತೋರುತ್ತದೆಂದು ಲೆಕ್ಕ ಹಾಕಿದಾಗಲೂ ಹೆಚ್ಚುಕಡಮೆ ಇದೇ ಅಂಕೆ ಬಂದಿತು. ಇದು ಕ್ಯಾಮೆರಾದ ದೋಷವಲ್ಲ. ಅಷ್ಟು ಸಮೀಪದಲ್ಲಿ ಒಂದೇ ಕಣ್ಣಿನಿಂದ ನೋಡಿದರೆ ನಮಗೂ ಮುಖ ಹಾಗೆಯೇ ಕಾಣುತ್ತದೆ.

ಯಂತ್ರವು ಈ ವಿಕಾರವನ್ನು ಸರಿಪಡಿಸಿಕೊಡಬಹುದಲ್ಲ? ಸರಿಪಡಿಸಬೇಕಾದರೆ ಕ್ಯಾಮೆರಾ ಎಷ್ಟು ದೂರವಿತ್ತು, ಮೂಗು ಎಷ್ಟು ಉದ್ದ, ಕೆನ್ನೆ ಎಷ್ಟು ಒಳಗೆ ಎಂಬುವು ಗೊತ್ತಿರಬೇಕು. ಸಪಾಟಾದ ಒಂದು ಚಿತ್ರದಲ್ಲಿ ಈ ಆಳದ ಅಳತೆಗಳಿಲ್ಲ. ಹತ್ತಿರದಿಂದ ತೆಗೆದ ಸಣ್ಣ ಮೂಗಿನವನೂ ದೂರದಿಂದ ತೆಗೆದ ದೊಡ್ಡ ಮೂಗಿನವನೂ ಒಂದೇ ಚಿತ್ರವನ್ನು ಕೊಡಬಲ್ಲರು. ಹಾಗಾಗಿ ಇಲ್ಲಿಯೂ ಉತ್ತರ ರೂಢಿಯಿಂದಲೇ ಬರುತ್ತದೆ. ಹಿಡಕಲ್ಲಿನ ಚಿತ್ರದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ: ಒಂದು ಕಿವಿ ಮರೆಯಾಗಿದೆ, ಅರ್ಧ ಮುಖ ನೆರಳಿನಲ್ಲಿದೆ, ಯಂತ್ರ ಕೊಟ್ಟ ಎದುರುಮುಖದಲ್ಲಿ ಎರಡು ಕಿವಿಗಳಿವೆಯಾದರೆ ಎರಡನೆಯದನ್ನು ಆ ಸಂಜೆಯ ಬೆಳಕು ಕೊಟ್ಟಿಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅವೇ ಮೂರು ಚಿತ್ರಗಳನ್ನು ಕೊಟ್ಟು ನಾಲ್ಕು ಬಾರಿ ಭಾವಚಿತ್ರ ಮಾಡಿಸಿ, ನಾಲ್ಕನ್ನೂ ಒಂದೇ ಗಾತ್ರಕ್ಕೆ ತಂದು ಅಳೆಯಿರಿ. ಪ್ರತಿ ಬಾರಿಯೂ ಚುಕ್ಕೆಗಳ ರಾಶಿ ಬೇರೆಯಾದುದರಿಂದ ಕಿವಿಯ ಆಕಾರ, ಮಚ್ಚೆಯ ಸ್ಥಾನ, ಕೂದಲಿನ ಅಂಚು ಬದಲಾಗುವುದನ್ನು ಕಾಣಬಹುದು. ಒಂದೇ ಜಾಗದಲ್ಲಿ ನಿಲ್ಲಿಸಿ ಕ್ಯಾಮೆರಾದಿಂದ ನಾಲ್ಕು ಬಾರಿ ತೆಗೆದರೆ ಮಚ್ಚೆ ಅಲುಗುವುದಿಲ್ಲ.

ಮಚ್ಚೆ ತುಸು ಅಲುಗಿದರೆ ಕಚೇರಿಗೇನು ನಷ್ಟ ಎನ್ನುವವರಿಗೆ ಎರಡು ಮಾತು ಹೇಳಬೇಕು. ಮೊದಲನೆಯದಾಗಿ, ಈ ಚಿತ್ರವನ್ನು ಮುಂದೆ ನೋಡುವುದು ಮನುಷ್ಯರು ಮಾತ್ರವಲ್ಲ. ಹೊಸ ಇ-ಪಾಸ್‌ಪೋರ್ಟುಗಳಲ್ಲಿ ಭಾವಚಿತ್ರವು ಒಂದು ಸಣ್ಣ ಚಿಪ್ಪಿನಲ್ಲಿಯೂ ಅಡಗಿರುತ್ತದೆ. ಗಡಿಯ ದ್ವಾರದಲ್ಲಿ ಒಂದು ಯಂತ್ರ ಅದನ್ನು ಓದಿ, ಮುಖವನ್ನು ಕೆಲವು ನೂರು ಸಂಖ್ಯೆಗಳ ಸಾಲಾಗಿ ಪರಿವರ್ತಿಸಿ, ಎದುರಿಗೆ ನಿಂತವನ ಮುಖದಿಂದ ಪಡೆದ ಸಾಲಿನೊಡನೆ ಹೋಲಿಸುತ್ತದೆ. ಎರಡು ಸಾಲುಗಳ ಅಂತರ ಗೊತ್ತುಪಡಿಸಿದ ಮಿತಿಯೊಳಗಿದ್ದರೆ ದ್ವಾರ ತೆರೆಯುವುದು. ನಮ್ಮ ತರುಣನ ಚಿತ್ರವು ಹೇಗೋ ಕಚೇರಿಯನ್ನು ದಾಟಿತೆನ್ನಿ. ವಯಸ್ಕರ ಪಾಸ್‌ಪೋರ್ಟಿನ ಅವಧಿ 10 ವರ್ಷ. ವಯಸ್ಸಿನಿಂದ ಮುಖ ಬದಲಾಗಲು ಬಿಟ್ಟಿದ್ದ ಎಡೆಯನ್ನು ಯಂತ್ರದ ಊಹೆ ಮೊದಲ ದಿನವೇ ತಿಂದುಬಿಟ್ಟಿರುತ್ತದೆ. ಅವನನ್ನು ಬದಿಗೆ ನಿಲ್ಲಿಸಿ ವಿಚಾರಿಸುವ ಹೊತ್ತಿಗೆ ವಿಮಾನ ಹೊರಟುಹೋಗಿರಬಹುದು.

ಎರಡನೆಯದು ಇನ್ನೂ ಗಂಭೀರವಾದದ್ದು. 2014ರಲ್ಲಿ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಫೆರಾರಾ, ಫ್ರಾಂಕೊ, ಮಾಲ್ಟೋನಿ ಎಂಬ ಮೂವರು ಸಂಶೋಧಕರು, ಇಬ್ಬರ ಮುಖಗಳನ್ನು ಕಂಪ್ಯೂಟರಿನಿಂದ ಹದವಾಗಿ ಬೆರೆಸಿದರೆ ಆ ಒಂದೇ ಚಿತ್ರ ಇಬ್ಬರಿಗೂ ಹೊಂದುತ್ತದೆಂದು ತೋರಿಸಿದರು. ಅಂಥ ಚಿತ್ರ ಪಾಸ್‌ಪೋರ್ಟಿಗೆ ಸೇರಿದರೆ ಒಂದೇ ಪುಸ್ತಕದಿಂದ ಇಬ್ಬರು ಗಡಿ ದಾಟಬಹುದು; ಲೋಡಿಯ ಕಾಲಕ್ಕೆ ನಾವು ಮರಳಿದಂತಾಯಿತು. ಈಗ ಕಚೇರಿಯ ಕಡೆಯಿಂದ ಯೋಚಿಸಿರಿ. ಮೇಜಿನ ಮೇಲೆ ಎರಡು ಚಿತ್ರಗಳಿವೆ. ಒಂದು ನಮ್ಮ ತರುಣನು ಕೆಟ್ಟ ಉದ್ದೇಶವಿಲ್ಲದೆ ಮಾಡಿಸಿದ್ದು, ಇನ್ನೊಂದು ವಂಚಕನು ಬೆರೆಸಿ ಮಾಡಿದ್ದು. ಎರಡರಲ್ಲಿಯೂ ಮುಖಕ್ಕೂ ಚಿತ್ರಕ್ಕೂ ನಡುವಿನ ಬೆಳಕಿನ ಎಳೆ ತುಂಡಾಗಿದೆ. ತುಂಬಿದ್ದು ಏನೆಂದು ಚಿತ್ರವನ್ನು ನೋಡಿ ಹೇಳಲಾಗುವುದಿಲ್ಲ. ಉದ್ದೇಶವನ್ನು ಅಳೆಯುವ ಉಪಕರಣವಿಲ್ಲವಾದುದರಿಂದ ನಿಯಮವು ಎರಡನ್ನೂ ತಳ್ಳಿಹಾಕುತ್ತದೆ. ನನ್ನ ಮಟ್ಟಿಗೆ ಇದು ನ್ಯಾಯವೇ.

ರಚಿತ ಚಿತ್ರವೆಂದು ಕಂಡುಹಿಡಿಯುವುದು ಹೇಗೆ? ಭೌತವಿಜ್ಞಾನದ ವಿದ್ಯಾರ್ಥಿಗೆ ರುಚಿಸುವ ಒಂದು ಉಪಾಯ ಕಣ್ಣಿನಲ್ಲಿದೆ. ಕಾರ್ನಿಯಾ ಎಂಬ ಕಣ್ಣಿನ ಪಾರದರ್ಶಕ ಹೊದಿಕೆಯು ಒಂದು ಸಣ್ಣ ಪೀನದರ್ಪಣದಂತೆ ವರ್ತಿಸಿ ಎದುರಿನ ಕಿಟಕಿ ಅಥವಾ ದೀಪದ ಬಿಂಬವನ್ನು ಹೊಳಪಿನ ಚುಕ್ಕೆಯಾಗಿ ತೋರಿಸುತ್ತದೆ. ಎರಡು ಕಣ್ಣುಗಳೂ ಅದೇ ದೀಪವನ್ನು ನೋಡುವುದರಿಂದ ಎರಡು ಚುಕ್ಕೆಗಳ ಆಕಾರವೂ ಸ್ಥಾನವೂ ಹೊಂದಬೇಕು. ರಚಿತ ಮುಖಗಳಲ್ಲಿ ಎಷ್ಟೋ ಸಲ ಹೊಂದುವುದಿಲ್ಲವೆಂಬುದನ್ನು ಬಳಸಿಕೊಂಡು ಬಫಲೋ ವಿಶ್ವವಿದ್ಯಾಲಯದವರು 2021ರಲ್ಲಿ ಪರೀಕ್ಷಾವಿಧಾನವೊಂದನ್ನು ಪ್ರಕಟಿಸಿದರು. ಮೂಗಿನ ನೆರಳು ಒಂದು ಕಡೆ, ಕುತ್ತಿಗೆಯ ನೆರಳು ಇನ್ನೊಂದು ಕಡೆ ಬಿದ್ದಿರುವುದು, ಕೂದಲು ಬಿಳಿಯ ಹಿನ್ನೆಲೆಯಲ್ಲಿ ಕರಗಿರುವುದು, ಕಾಲರಿನ ಎರಡು ತುದಿಗಳು ಬೇರೆಬೇರೆಯಾಗಿರುವುದು, ಇವೂ ಸುಳಿವುಗಳೇ. ಕೆಲವು ಯಂತ್ರಗಳು ತಾವು ರಚಿಸಿದ ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತನ್ನೂ ಬಿಡುತ್ತವೆ.

ಆದರೆ ಈ ಸುಳಿವುಗಳನ್ನು ಪೂರ್ತಿ ನಂಬುವಂತಿಲ್ಲ. ಯಂತ್ರಗಳು ವರ್ಷದಿಂದ ವರ್ಷಕ್ಕೆ ತಿದ್ದಿಕೊಳ್ಳುತ್ತಿವೆ. ದೀಪ ತೀರ ಹತ್ತಿರವಿದ್ದರೆ ನಿಜವಾದ ಛಾಯಾಚಿತ್ರದಲ್ಲಿಯೂ ಎರಡು ಚುಕ್ಕೆಗಳು ಹೊಂದದಿರಬಹುದು. ಮೊಬೈಲೇ ನಮ್ಮನ್ನು ಕೇಳದೆ ಚರ್ಮವನ್ನು ನುಣುಪು ಮಾಡಿ ಕೊಡುವುದರಿಂದ, ತಪ್ಪಿಲ್ಲದವನ ಚಿತ್ರವೂ ಸಂದೇಹಕ್ಕೆ ಒಳಗಾಗುವುದುಂಟು. ಆದುದರಿಂದ ಕಚೇರಿಗಳು ಸಿದ್ಧಚಿತ್ರವನ್ನು ಪರೀಕ್ಷಿಸುವುದಕ್ಕಿಂತ, ಬೆಳಕಿನ ಎಳೆಯನ್ನು ತಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳುವ ಕಡೆಗೆ ವಾಲುತ್ತಿವೆ. ನಮ್ಮ ದೇಶದೊಳಗೆ ಆಧಾರ್ ನೋಂದಣಿಯಲ್ಲಿಯೂ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೂ ಚಿತ್ರವನ್ನು ಅಲ್ಲಿಯೇ ತೆಗೆಯುತ್ತಾರೆ. ಪಾಸ್‌ಪೋರ್ಟಿಗೆ ಮನೆಯಿಂದ ಚಿತ್ರ ಒಯ್ಯಬೇಕಾದುದು ನಾಲ್ಕು ವರ್ಷದೊಳಗಿನ ಮಕ್ಕಳಿಗೆ. ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗವು 2024ರಿಂದ ಅರ್ಜಿ ತುಂಬುವಾಗಲೇ ಅಭ್ಯರ್ಥಿಯ ಮುಖವನ್ನು ಕ್ಯಾಮೆರಾದಿಂದ ನೇರವಾಗಿ ಸೆರೆಹಿಡಿಯತೊಡಗಿತು. ಜರ್ಮನಿಯಂತೂ 2025ರ ಮೇ 1ರಿಂದ ಪಾಸ್‌ಪೋರ್ಟಿಗೆ ಕಾಗದದ ಚಿತ್ರವನ್ನೇ ಒಪ್ಪುವುದಿಲ್ಲ. ಕಚೇರಿಯಲ್ಲಿ ತೆಗೆಯಬೇಕು, ಇಲ್ಲವೆ ಮಾನ್ಯತೆ ಪಡೆದ ಛಾಯಾಗ್ರಾಹಕನು ಸುರಕ್ಷಿತ ಮಾರ್ಗದಲ್ಲಿ ನೇರವಾಗಿ ಕಳುಹಿಸಬೇಕು.

ನಮ್ಮ ತರುಣನಿಗೆ ಬೇಕಾಗಿದ್ದುದು ಒಂದು ಬಿಳಿಗೋಡೆ ಮತ್ತು ಕೋಣೆಯ ಜೊತೆಗಾರ ಮಾತ್ರ. ಗೋಡೆಯಿಂದ ಅರ್ಧ ಮೀಟರ್ ಮುಂದೆ ನಿಂತರೆ ಬೆನ್ನ ಹಿಂದಿನ ನೆರಳು ಕಾಣುವುದಿಲ್ಲ. ಕಿಟಕಿಯ ಬೆಳಕು ಎದುರಿನಿಂದ ಬರಲಿ. ಮುಖ ನುಣುಪು ಮಾಡುವ ಏರ್ಪಾಡನ್ನು ಆರಿಸಿರಲಿ. ಹಿನ್ನೆಲೆಯನ್ನು ಆಮೇಲೆ ಬದಲಿಸುವುದು ಬೇಡ, ಹಾಗೆ ಮಾಡಿದರೆ ಕಿವಿ ಮತ್ತು ಕೂದಲಿನ ಅಂಚು ಸವೆಯುತ್ತದೆ. ಜೊತೆಗಾರನು ಮೊಬೈಲಿನ ಹಿಂಬದಿಯ ಕ್ಯಾಮೆರಾವನ್ನು ಕಣ್ಣಿನ ಮಟ್ಟದಲ್ಲಿ, 1.2 ಮೀಟರ್ ದೂರದಲ್ಲಿ ನೆಟ್ಟಗೆ ಹಿಡಿಯಲಿ. ಅಷ್ಟು ದೂರದಲ್ಲಿ ಸಾಮಾನ್ಯ ಮೊಬೈಲಿನ 3000 ಬಿಂದುಗಳ ಅಗಲವು ಸುಮಾರು 1.1 ಮೀಟರನ್ನು ಒಳಗೊಳ್ಳುತ್ತದೆ. ಒಂದು ಬಿಂದುವಿಗೆ 0.37 ಮಿಲಿಮೀಟರ್, ಕಣ್ಣುಗಳ ನಡುವೆ ಸುಮಾರು 170 ಬಿಂದುಗಳು, ಬೇಕಾಗಿದ್ದುದು 177. ಇನ್ನು 630ಕ್ಕೆ 810ರ ಪ್ರಮಾಣದಲ್ಲಿ ಅಂಚುಗಳನ್ನು ಕತ್ತರಿಸಿ, ಗಾತ್ರವನ್ನು ಕೂದಲೆಳೆಯಷ್ಟು ಹೊಂದಿಸುವುದೊಂದೇ ಉಳಿದ ಕೆಲಸ.